ಇಬ್ಬರು ವಾರಗಿತ್ತಿಯರ ರಕ್ತದ ವರದಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಒಂದೇ ಮನೆಯ ಮೂವರು ಹೆಂಗಸರು ನಮ್ಮ ಲ್ಯಾಬಿಗೆ ಬಂದರು. ಅತ್ತೆ, ಜೊತೆಗೆ ಇಬ್ಬರು ಸೊಸೆಯರು. ಮಳೆಗೆ ನೆನೆಯದಂತೆ ಸೆರಗಿನೊಳಗೆ ಹಿಡಿದು ತಂದಿದ್ದ ಪ್ಲಾಸ್ಟಿಕ್ ಕವರಿನಿಂದ ಅತ್ತೆ ಎರಡು ವರದಿಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಇಬ್ರಿಗೂ ರಕ್ತ ಹತ್ತು ಪಾಯಿಂಟ್ ನಾಕೇ ಐತೆ ನೋಡಮ್ಮ. ಒಂದೇ ಮಾತ್ರೆ ಇಬ್ರೂ ತಗೊಂಡವ್ರೆ. ದೊಡ್ಡವಳಿಗೆ ಒಂದಿಷ್ಟು ಏರ್ತದೆ, ಬಿಟ್ರೆ ಮತ್ತೆ ಇಳೀತದೆ. ಚಿಕ್ಕವಳಿಗೆ ಎರಡು ವರ್ಷದಿಂದ ಅಲ್ಲಾಡೇ ಇಲ್ಲ. ಸೊಪ್ಪು ತಿನ್ನು ಅಂದ್ರೆ ಕೇಳಲ್ಲ."

ಚಿಕ್ಕ ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ಎರಡು ವರ್ಷದಿಂದ ಈ ಮಾತು ಕೇಳಿ ಕೇಳಿ ತಪ್ಪು ತನ್ನದೇ ಎಂದು ಅವಳೂ ನಂಬಿಬಿಟ್ಟಿದ್ದಳು. ಆ ಹಾಳೆಯಲ್ಲಿ ಹಿಮೋಗ್ಲೋಬಿನ್‌ನ ಕೆಳಗೆ ಇನ್ನೂ ಐದಾರು ಸಾಲುಗಳಿದ್ದವು. ಅವಳ ಸೊಪ್ಪಿಗೂ ಈ ರಕ್ತಕ್ಕೂ ಸಂಬಂಧವಿಲ್ಲವೆಂಬ ಸುಳಿವು ಅಲ್ಲೇ ಇತ್ತು. ಎರಡು ವರ್ಷ ಯಾರೂ ಆ ಸಾಲುಗಳನ್ನು ಓದಿರಲಿಲ್ಲ.

ಸಿಬಿಸಿ ಎಂದು ನಾವೆಲ್ಲ ಕರೆಯುವ ಪರೀಕ್ಷೆಯ ವರದಿ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಹಿಮೋಗ್ಲೋಬಿನ್‌ಗೇ ಹೋಗುತ್ತದೆ. ಅದು ಸರಿಯೇ. ಕೆಂಪು ರಕ್ತಕಣದೊಳಗೆ ತುಂಬಿರುವ, ಆಮ್ಲಜನಕವನ್ನು ಹೊತ್ತೊಯ್ಯುವ ವಸ್ತು ಅದು. ನೂರು ಮಿಲಿಲೀಟರ್ ರಕ್ತದಲ್ಲಿ ಅದು ಎಷ್ಟು ಗ್ರಾಂ ಇದೆ ಎಂಬುದೇ ಆ ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕ ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಗರ್ಭಿಣಿಯರಿಗೆ ಈ ಗೆರೆ 11, ನಡುವಿನ ಮೂರು ತಿಂಗಳಲ್ಲಿ 10.5. ಬಸುರಿಯಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಹಿಮೋಗ್ಲೋಬಿನ್ ತುಸು ತೆಳುವಾಗಿ ಕಾಣುತ್ತದೆ, ಅದಕ್ಕೇ ಗೆರೆ ಕೆಳಗಿಳಿದಿರುವುದು.

ಹಾಗಾಗಿ 10.4 ಎಂದರೆ ಇಬ್ಬರಿಗೂ ರಕ್ತಹೀನತೆ ಇದೆ ಎಂಬುದು ಖಚಿತ. ಯಾಕೆ ಇದೆ ಎಂದು ಮಾತ್ರ ಹಿಮೋಗ್ಲೋಬಿನ್ ಹೇಳುವುದಿಲ್ಲ. ಮೈ ಬಿಸಿಯಾಗಿದೆ ಎಂದು ಥರ್ಮಾಮೀಟರ್ ಹೇಳುತ್ತದೆ, ಮಲೇರಿಯಾವೋ ಟೈಫಾಯ್ಡೋ ಎಂದು ಹೇಳುವುದಿಲ್ಲವಲ್ಲ, ಹಾಗೆ.

ಕಾರಣ ಹುಡುಕಲು ಕಣಗಳ ಲೆಕ್ಕ ಮತ್ತು ಗಾತ್ರ ಬೇಕು. ನೇರಳೆ ಮುಚ್ಚಳದ ಸಣ್ಣ ಟ್ಯೂಬಿಗೆ ತೆಗೆದ ರಕ್ತವನ್ನು ಯಂತ್ರಕ್ಕೆ ಕೊಟ್ಟಾಗ, ಅದು ರಕ್ತವನ್ನು ಬಹಳ ತೆಳುಮಾಡಿ, ಕಣಗಳನ್ನು ಒಂದೊಂದಾಗಿ ಒಂದು ಸೂಕ್ಷ್ಮ ರಂಧ್ರದ ಮೂಲಕ ಹಾಯಿಸುತ್ತದೆ. ರಂಧ್ರದಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಕಣವೊಂದು ದಾಟುವಾಗ ಆ ಹರಿವಿಗೆ ಕ್ಷಣಕಾಲ ಅಡ್ಡಿಯಾಗುತ್ತದೆ. ಎಷ್ಟು ಸಲ ಅಡ್ಡಿಯಾಯಿತು ಎಂಬುದು ಕಣಗಳ ಸಂಖ್ಯೆ, ಪ್ರತಿ ಸಲವೂ ಎಷ್ಟು ದೊಡ್ಡ ಅಡ್ಡಿಯಾಯಿತು ಎಂಬುದು ಕಣದ ಗಾತ್ರ. ಅಮೆರಿಕದ ವ್ಯಾಲೇಸ್ ಕೋಲ್ಟರ್ ಈ ಉಪಾಯಕ್ಕೆ 1953ರಲ್ಲಿ ಪೇಟೆಂಟ್ ಪಡೆದರು. ಇಂದು ಸಣ್ಣ ಊರಿನ ಲ್ಯಾಬಿನಲ್ಲಿರುವ ಯಂತ್ರವೂ ಹೆಚ್ಚುಕಡಿಮೆ ಇದೇ ತತ್ತ್ವದಿಂದ ಎಣಿಸುತ್ತದೆ.

ಹೀಗೆ ಸಿಗುವ ಸರಾಸರಿ ಗಾತ್ರವನ್ನು ವರದಿಯಲ್ಲಿ ಎಂಸಿವಿ ಎಂದು ಬರೆದಿರುತ್ತದೆ. ಅದರ ಅಳತೆ ಫೆಮ್ಟೊಲೀಟರ್. ಹೆಸರಿಗೆ ಹೆದರಬೇಕಿಲ್ಲ, ಆರೋಗ್ಯವಂತ ವಯಸ್ಕರಲ್ಲಿ 80ರಿಂದ 100ರ ನಡುವೆ ಇರುತ್ತದೆ ಎಂದು ತಿಳಿದರೆ ಸಾಕು. ಹೆಮಟೋಕ್ರಿಟ್ ಎಂದೋ ಪಿಸಿವಿ ಎಂದೋ ಇರುವ ಸಾಲು, ಒಟ್ಟು ರಕ್ತದಲ್ಲಿ ಕೆಂಪು ಕಣಗಳೇ ಶೇಕಡಾ ಎಷ್ಟು ಜಾಗ ಹಿಡಿದಿವೆ ಎಂದು ತಿಳಿಸುತ್ತದೆ. ಹಿಂದೆ ರಕ್ತವನ್ನು ಗಾಜಿನ ಕೊಳವೆಗೆ ತುಂಬಿ ಗಿರಗಿರನೆ ತಿರುಗಿಸಿ, ತಳದಲ್ಲಿ ಕೂತ ಕೆಂಪು ಗಟ್ಟಿಯನ್ನು ಅಳೆಯುತ್ತಿದ್ದರು. ಮ್ಯಾಕ್ಸ್‌ವೆಲ್ ವಿಂಟ್ರೋಬ್ ಎಂಬ ವೈದ್ಯರು 1929ರಲ್ಲಿ ರೂಪಿಸಿದ ಗೀಟು ಹಾಕಿದ ಕೊಳವೆ ನಾನು ಓದುವಾಗಲೂ ಪ್ರಯೋಗಾಲಯದ ಬೀರುವಿನಲ್ಲಿತ್ತು. ಈಗಿನ ಯಂತ್ರಗಳಲ್ಲಿ ಹೆಚ್ಚಿನವು ತಿರುಗಿಸುವ ಗೋಜಿಗೆ ಹೋಗದೆ ಕಣಗಳ ಸಂಖ್ಯೆಯನ್ನು ಗಾತ್ರದಿಂದ ಗುಣಿಸಿ ಹೆಮಟೋಕ್ರಿಟ್ ಹೇಳಿಬಿಡುತ್ತವೆ. ಅಂದರೆ ಅದು ಲೆಕ್ಕದಿಂದ ಬಂದ ಅಂಕಿ. ಸಂಖ್ಯೆಯೋ ಗಾತ್ರವೋ ತಪ್ಪಾದರೆ ಅದೂ ತಪ್ಪಾಗುತ್ತದೆ.

ಈಗ ದೊಡ್ಡ ಸೊಸೆಯ ವರದಿ. ವಯಸ್ಸು 38. ಹಿಮೋಗ್ಲೋಬಿನ್ 10.4. ಕೆಂಪು ಕಣಗಳು ಪ್ರತಿ ಮೈಕ್ರೋಲೀಟರಿಗೆ 44 ಲಕ್ಷ, ವರದಿಯಲ್ಲಿ ಇದನ್ನೇ 4.40 ಎಂದು ಹಾಕಿತ್ತು. ಎಂಸಿವಿ 74. ಚಿಕ್ಕ ಸೊಸೆಗೆ 24. ಹಿಮೋಗ್ಲೋಬಿನ್ ಅದೇ 10.4. ಕೆಂಪು ಕಣಗಳು 55 ಲಕ್ಷ, ಎಂಸಿವಿ 62.

ಇಬ್ಬರ ಕಣಗಳೂ ಸಣ್ಣವು. ಆದರೆ ಚಿಕ್ಕವಳ ಸಾಲನ್ನು ಇನ್ನೊಮ್ಮೆ ನೋಡಿ. ರಕ್ತ ಕಡಿಮೆ ಎಂದು ಎರಡು ವರ್ಷದಿಂದ ಬೈಸಿಕೊಂಡವಳ ಕೆಂಪು ಕಣಗಳ ಸಂಖ್ಯೆ ಹೆಂಗಸರಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚಿಗೇ ಇದೆ! ಹೆಂಗಸರಲ್ಲಿ 38ರಿಂದ 48 ಲಕ್ಷ ಎಂದು ವರದಿಗಳು ಬರೆದಿರುತ್ತವೆ. ಅವಳ ರಕ್ತದಲ್ಲಿ ಆಳುಗಳಿಗೆ ಕೊರತೆಯಿಲ್ಲ. ಪ್ರತಿಯೊಬ್ಬ ಆಳಿನ ತಲೆಯ ಮೇಲಿನ ಬುಟ್ಟಿ ಮಾತ್ರ ತೀರಾ ಚಿಕ್ಕದು.

ಹಿಮೋಗ್ಲೋಬಿನ್ ತಯಾರಾಗಲು ಎರಡು ವಸ್ತು ಬೇಕು: ಕಬ್ಬಿಣವನ್ನು ಹಿಡಿದಿರುವ ಹೀಮ್, ಅದನ್ನು ಸುತ್ತಿಕೊಂಡಿರುವ ಗ್ಲೋಬಿನ್ ಎಂಬ ಪ್ರೋಟೀನ್ ಎಳೆಗಳು. ಇವೆರಡರಲ್ಲಿ ಯಾವುದು ಕಡಿಮೆಯಾದರೂ ಕಣ ಪೂರ್ತಿ ತುಂಬದೆ ಸಣ್ಣದಾಗಿ, ಪೇಲವವಾಗಿ ಹೊರಬರುತ್ತದೆ. ಕಬ್ಬಿಣವೇ ಇಲ್ಲದಿದ್ದರೆ ಮೂಳೆಯ ಮಜ್ಜೆಗೆ ಕೈಕಟ್ಟಿದಂತಾಗುತ್ತದೆ. ಕಣಗಳು ಸಣ್ಣವಾಗುವುದರ ಜೊತೆಗೆ ಸಂಖ್ಯೆಯೂ ಏರಲಾರದು. ದೊಡ್ಡವಳಿಗೆ ಆಗಿದ್ದು ಹೀಗೆ. ಥಲಸ್ಸೀಮಿಯಾ ಗುಣವನ್ನು ಹೊತ್ತವರಲ್ಲಿ ಕಬ್ಬಿಣ ಬೇಕಾದಷ್ಟಿರುತ್ತದೆ. ಅಪ್ಪ ಅಥವಾ ಅಮ್ಮನಿಂದ ಬಂದ ಒಂದು ಜೀನ್ ಸರಿಯಿಲ್ಲದ್ದರಿಂದ ಗ್ಲೋಬಿನ್ ಎಳೆ ಕಡಿಮೆ ತಯಾರಾಗುತ್ತದೆ. ಕಣ ಸಣ್ಣದಾಗುವುದು ಅದಕ್ಕೆ. ಆದರೆ ಮಜ್ಜೆಯ ಬಳಿ ಸರಕಿರುವುದರಿಂದ ಸಣ್ಣ ಕಣಗಳನ್ನೇ ಹೆಚ್ಚು ಹೆಚ್ಚಾಗಿ ಹೊರಹಾಕಿ ಕೊರತೆಯನ್ನು ತೂಗಿಸಿಕೊಳ್ಳುತ್ತದೆ.

ಇದನ್ನು ಒಂದು ಚಿಕ್ಕ ಭಾಗಾಕಾರದಲ್ಲಿ ಹಿಡಿಯಬಹುದೆಂದು 1973ರಲ್ಲಿ ಮೆಂಟ್ಜರ್ ಎಂಬ ವೈದ್ಯರು ತೋರಿಸಿದರು. ಎಂಸಿವಿಯನ್ನು ಕೆಂಪು ಕಣಗಳ ಸಂಖ್ಯೆಯಿಂದ ಭಾಗಿಸಬೇಕು. ದೊಡ್ಡವಳಿಗೆ 74ನ್ನು 4.40ರಿಂದ ಭಾಗಿಸಿದರೆ ಸುಮಾರು 16.8. ಚಿಕ್ಕವಳಿಗೆ 62ನ್ನು 5.50ರಿಂದ ಭಾಗಿಸಿದರೆ 11.3. ಉತ್ತರ 13ಕ್ಕಿಂತ ಹೆಚ್ಚಾದರೆ ಕಬ್ಬಿಣದ ಕೊರತೆಯ ಕಡೆಗೆ, 13ಕ್ಕಿಂತ ಕಡಿಮೆಯಾದರೆ ಥಲಸ್ಸೀಮಿಯಾ ಗುಣದ ಕಡೆಗೆ ವಾಲುತ್ತದೆ. ವಾಲುತ್ತದೆ ಎಂದು ಬೇಕೆಂದೇ ಬರೆದಿದ್ದೇನೆ. ಇದು ಮುಂದೆ ಯಾವ ಪರೀಕ್ಷೆ ಮಾಡಿಸಬೇಕೆಂದು ತೋರಿಸುವ ಕೈಮರ ಅಷ್ಟೇ. ಎರಡೂ ತೊಂದರೆ ಒಬ್ಬರಲ್ಲೇ ಇದ್ದರೆ ಈ ಲೆಕ್ಕ ದಾರಿ ತಪ್ಪುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಎರಡೂ ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಇನ್ನೊಂದು ಸಾಲೂ ಇದೇ ಮಾತನ್ನು ಹೇಳುತ್ತಿತ್ತು. ಆರ್‌ಡಿಡಬ್ಲ್ಯೂ ಎಂಬುದು ಕಣಗಳೆಲ್ಲ ಒಂದೇ ಗಾತ್ರದಲ್ಲಿವೆಯೇ, ದೊಡ್ಡವು ಚಿಕ್ಕವು ಬೆರೆತಿವೆಯೇ ಎಂಬುದರ ಅಳತೆ. ಸಾಮಾನ್ಯವಾಗಿ 11.5ರಿಂದ 14.5. ಕಬ್ಬಿಣ ದಿನೇ ದಿನೇ ಕಡಿಮೆಯಾಗುವಾಗ ಮೊದಲು ಹುಟ್ಟಿದ ಕಣಗಳು ದೊಡ್ಡವಾಗಿಯೂ ಆಮೇಲಿನವು ಸಣ್ಣವಾಗಿಯೂ ಇರುತ್ತವೆ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ, ಹಾಗಾಗಿ ನಾಲ್ಕು ತಿಂಗಳ ಕಥೆಯೆಲ್ಲ ಒಂದೇ ಹನಿಯಲ್ಲಿ ಬೆರೆತಿರುತ್ತದೆ. ದೊಡ್ಡವಳ ಆರ್‌ಡಿಡಬ್ಲ್ಯೂ 18.2 ಇತ್ತು. ಹುಟ್ಟಿನಿಂದಲೇ ಒಂದೇ ಅಚ್ಚಿನಲ್ಲಿ ಸಣ್ಣ ಕಣಗಳನ್ನು ಎರೆಯುತ್ತ ಬಂದ ಚಿಕ್ಕವಳದು 15.1.

ಇಬ್ಬರ ರಕ್ತವನ್ನೂ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ನಾನು ಈ ಕೆಲಸ ಬಿಡುವುದಿಲ್ಲ. ಸರಿಯಾದ ಕೆಂಪು ಕಣ ಸಣ್ಣ ಲಿಂಫೋಸೈಟ್‌ನ ನ್ಯೂಕ್ಲಿಯಸ್‌ನಷ್ಟು ದೊಡ್ಡದಿರುತ್ತದೆ, ನಡುವಿನ ಮೂರನೇ ಒಂದು ಭಾಗ ಮಾತ್ರ ತಿಳಿಬಣ್ಣ. ದೊಡ್ಡವಳ ಕಣಗಳು ಬಳೆಗಳಂತಿದ್ದವು. ಅಂಚಿನಲ್ಲಿ ತೆಳ್ಳನೆ ಕೆಂಪು ಗೆರೆ, ಒಳಗೆಲ್ಲ ಖಾಲಿ. ನಡುನಡುವೆ ಪೆನ್ಸಿಲ್‌ನಂತೆ ಉದ್ದಕ್ಕೆ ಎಳೆದವು. ಚಿಕ್ಕವಳಲ್ಲಿ ಸಾಲುಸಾಲಾಗಿ ಒಂದೇ ಗಾತ್ರದ ಪುಟ್ಟ ಕಣಗಳು, ಅಲ್ಲಲ್ಲಿ ನಡುವೆ ಬೊಟ್ಟಿಟ್ಟಂಥವು.

ದೊಡ್ಡವಳಿಗೆ ಫೆರಿಟಿನ್ ಮಾಡಿಸಿದೆವು. ದೇಹದ ಕಬ್ಬಿಣದ ಉಗ್ರಾಣದಲ್ಲಿ ಎಷ್ಟು ದಾಸ್ತಾನಿದೆ ಎಂದು ತಿಳಿಸುವ ಪರೀಕ್ಷೆ ಅದು. 15ಕ್ಕಿಂತ ಕಡಿಮೆಯಿದ್ದರೆ ಉಗ್ರಾಣ ಬರಿದಾಗಿದೆ ಎಂದರ್ಥ, ಅವಳದು 6 ಬಂತು. ಮೈಯಲ್ಲಿ ಸೋಂಕು ಅಥವಾ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರಿ ಕಾಣುತ್ತದೆ, ಆದ್ದರಿಂದ ಜ್ವರವಿರುವಾಗ ಬಂದ ಒಳ್ಳೆಯ ಅಂಕಿಯನ್ನು ನಂಬಬಾರದು. ಕಬ್ಬಿಣ ಹೋಗಿದ್ದೆಲ್ಲಿಗೆ? ಕೇಳಿದಾಗ ಹೇಳಿದಳು, ಮುಟ್ಟು ಎಂಟು ದಿನ ಇರುತ್ತದಂತೆ, ಮೊದಲ ಮೂರು ದಿನ ರಾತ್ರಿಯೂ ಎದ್ದು ಬಟ್ಟೆ ಬದಲಿಸಬೇಕಂತೆ. ಐದು ವರ್ಷದಿಂದ ಹೀಗೇ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆ ಕಂಡಿತು. ತೊಟ್ಟಿಯ ತಳದಲ್ಲಿ ತೂತಿರುವಾಗ ಮೇಲಿಂದ ಎಷ್ಟು ನೀರು ಸುರಿದರೂ ನಿಲ್ಲುವುದು ಹೇಗೆ? ಮಾತ್ರೆ ತಗೊಂಡಾಗ ಏರಿ, ಬಿಟ್ಟಾಗ ಇಳಿಯುತ್ತಿದ್ದುದಕ್ಕೆ ಅದೇ ಕಾರಣ.

ಸ್ತ್ರೀರೋಗ ತಜ್ಞರ ಚಿಕಿತ್ಸೆ ಶುರುವಾಯಿತು, ಜೊತೆಗೆ ಕಬ್ಬಿಣದ ಮಾತ್ರೆ. ತಿಂಗಳು ಬಿಟ್ಟು ಮತ್ತೆ ಬಂದಾಗ ಹಿಮೋಗ್ಲೋಬಿನ್ 11.8. ಆದರೆ ಅವಳ ಮುಖದಲ್ಲಿ ಗಾಬರಿ. "ಇದು ಜಾಸ್ತಿಯಾಗಿದೆ ಮೇಡಂ, ಪಕ್ಕದಲ್ಲಿ ಕಪ್ಪಕ್ಷರ ಹಾಕೈತೆ" ಎಂದು ಆರ್‌ಡಿಡಬ್ಲ್ಯೂ ತೋರಿಸಿದಳು. 18 ಇದ್ದದ್ದು 22 ಆಗಿತ್ತು. ಅದು ಒಳ್ಳೆಯ ಸುದ್ದಿ. ಕಬ್ಬಿಣ ಸಿಕ್ಕಿದ ಮೇಲೆ ಹುಟ್ಟಿದ ದಷ್ಟಪುಷ್ಟ ಕಣಗಳು ಹಳೆಯ ಬಡಕಲು ಕಣಗಳ ಜೊತೆ ಬೆರೆತಾಗ ಗಾತ್ರದ ಅಂತರ ಕೆಲಕಾಲ ಹೆಚ್ಚೇ ಆಗುತ್ತದೆ. ಹಳೆಯವು ಆಯುಸ್ಸು ಮುಗಿಸಿ ಹೋದಂತೆ ತಾನಾಗಿ ಇಳಿಯುತ್ತದೆ. ಕಪ್ಪಕ್ಷರ ಕಂಡೊಡನೆ ಹೆದರಿ ಮಾತ್ರೆ ನಿಲ್ಲಿಸುವವರನ್ನು ನೋಡಿದ್ದೇನೆ. ಹಿಮೋಗ್ಲೋಬಿನ್ ಸರಿಯಾಯಿತೆಂದು ನಿಲ್ಲಿಸುವವರೂ ಬಹಳ. ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸದಿದ್ದರೆ ಉಗ್ರಾಣ ತುಂಬುವುದಿಲ್ಲ.

ಚಿಕ್ಕವಳ ಫೆರಿಟಿನ್ 64 ಬಂತು. ಕಬ್ಬಿಣಕ್ಕೆ ಕೊರತೆಯಿಲ್ಲ. ಆಮೇಲೆ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಯಲ್ಲಿ ಅವಳ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ನೋಡಿದೆವು. ಎಚ್‌ಬಿಎ2 ಎಂಬ ಬಗೆ ಶೇಕಡಾ 3.5ಕ್ಕಿಂತ ಹೆಚ್ಚಿದ್ದರೆ ಬೀಟಾ ಥಲಸ್ಸೀಮಿಯಾ ಗುಣ ಎಂದು ತಿಳಿಯುತ್ತೇವೆ, ಅವಳಲ್ಲಿ 5.2 ಇತ್ತು. ಫೆರಿಟಿನ್ ಮೊದಲು ನೋಡಿದ್ದಕ್ಕೂ ಕಾರಣವಿದೆ. ಕಬ್ಬಿಣ ತೀರಾ ಕಡಿಮೆಯಿದ್ದರೆ ಈ ಎಚ್‌ಬಿಎ2 ಕೂಡ ಇಳಿದು, ಗುಣ ಇದ್ದರೂ ಇಲ್ಲವೆಂಬಂತೆ ಕಾಣಬಹುದು.

ಇದು ರೋಗವಲ್ಲ ಎಂದು ಅತ್ತೆಗೂ ಸೊಸೆಗೂ ಕೂರಿಸಿ ಹೇಳಿದೆ. ಅವಳು ಹುಟ್ಟಿದಾಗಿನಿಂದ ಹೀಗೇ ಇದ್ದಾಳೆ, ಹೀಗೇ ಇರುತ್ತಾಳೆ. ಸೊಪ್ಪು ತಿಂದರೂ 10.4, ಬಿಟ್ಟರೂ ಹೆಚ್ಚುಕಡಿಮೆ ಅಷ್ಟೇ. ಕಬ್ಬಿಣದ ಕೊರತೆ ಇಲ್ಲದಿರುವಾಗ ಕಬ್ಬಿಣದ ಮಾತ್ರೆ ನುಂಗಿ ಹಿಮೋಗ್ಲೋಬಿನ್ ಏರಿಸಲು ಆಗುವುದಿಲ್ಲ. ಮುಂದೆ ಬಸುರಿಯಾದಾಗ ಅವಳಿಗೂ ಕಬ್ಬಿಣ ಕಡಿಮೆಯಾಗಬಹುದು. ಆಗ ಡಾಕ್ಟರು ಹೇಳಿದಂತೆ ತಗೊಳ್ಳಲಿ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುಮ್ನೆ ಬೈದೆ ಬಿಡು ಮಗಾ" ಎಂದರು.

ಆದರೆ ಒಂದು ಕೆಲಸ ಉಳಿದಿತ್ತು. ಗಂಡನಿಗೂ ಇದೇ ಗುಣವಿದ್ದರೆ ಪ್ರತಿ ಬಸುರಿಯಲ್ಲೂ ನಾಲ್ಕರಲ್ಲೊಂದು ಪಾಲು, ಮಗು ಥಲಸ್ಸೀಮಿಯಾ ಮೇಜರ್ ಆಗಿ ಹುಟ್ಟುವ ಸಾಧ್ಯತೆ ಇರುತ್ತದೆ. ಅಂಥ ಮಗುವಿಗೆ ಎಳವೆಯಿಂದಲೇ ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸುತ್ತಲೇ ಇರಬೇಕಾಗುತ್ತದೆ. ಮರುದಿನವೇ ಅವನ ರಕ್ತ ತೆಗೆದೆವು. ಹಿಮೋಗ್ಲೋಬಿನ್ 15.1, ಎಂಸಿವಿ 87, ಎಚ್‌ಬಿಎ2 2.6. ಅವನಲ್ಲಿ ಆ ಗುಣ ಕಾಣಲಿಲ್ಲ. ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ತಾಯಿಯ ಹಾಗೆ ಗುಣ ಬರಬಹುದು, ಅಷ್ಟೇ.

ಅತ್ತೆಯದನ್ನು ಮರೆಯಲಿಲ್ಲ. ಸೊಸೆಯರನ್ನು ಕರೆತಂದ ಆ ತಾಯಿ ಮೆಟ್ಟಿಲು ಹತ್ತಿ ಬರುವಾಗ ಏದುಸಿರು ಬಿಡುತ್ತಿದ್ದರು. "ನಂಗೇನಾಗೈತೆ" ಎನ್ನುತ್ತಲೇ ಕೈ ಕೊಟ್ಟರು. ಹಿಮೋಗ್ಲೋಬಿನ್ 9.1, ಸೊಸೆಯರಿಗಿಂತ ಕಡಿಮೆ. ಎಂಸಿವಿ ಮಾತ್ರ 90, ಸಲೀಸಾಗಿ ಸರಿಯಾದ ಗೆರೆಯೊಳಗೆ. ಇಲ್ಲಿ ಸರಾಸರಿ ಎಂಬ ಮಾತು ಮೋಸ ಮಾಡುತ್ತದೆ. ಅರ್ಧ ಕಣಗಳು 70, ಅರ್ಧ 110 ಇದ್ದರೆ ಸರಾಸರಿ 90 ತಾನೇ? ಸುಳಿವು ಕೊಟ್ಟಿದ್ದು ಆರ್‌ಡಿಡಬ್ಲ್ಯೂ, 19.5. ಮೈಕ್ರೋಸ್ಕೋಪಿನಲ್ಲಿ ಸಣ್ಣ ಪೇಲವ ಕಣಗಳ ಪಕ್ಕದಲ್ಲೇ ಮೊಟ್ಟೆಯಾಕಾರದ ದೊಡ್ಡ ಕಣಗಳು ಕಂಡವು. ಕಬ್ಬಿಣ ಕಡಿಮೆಯಾದರೆ ಕಣ ಸಣ್ಣದಾಗುತ್ತದೆ, ಬಿ12 ವಿಟಮಿನ್ ಕಡಿಮೆಯಾದರೆ ದೊಡ್ಡದಾಗುತ್ತದೆ. ಅವರಲ್ಲಿ ಎರಡೂ ಇರಲಿಲ್ಲ. ಮಾಂಸ ಮೊಟ್ಟೆ ಮುಟ್ಟದ, ಮನೆಯವರಿಗೆಲ್ಲ ಬಡಿಸಿ ಕೊನೆಯಲ್ಲಿ ನೀರು ಮಜ್ಜಿಗೆ ಉಣ್ಣುವ ಹೆಂಗಸರಲ್ಲಿ ನಾನು ಈ ಜೋಡಿ ಕೊರತೆಯನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅವರಿಗೆ ಬಿ12 ಚುಚ್ಚುಮದ್ದು ಶುರುವಾಯಿತು. ಮುಟ್ಟು ನಿಂತು ಹತ್ತು ವರ್ಷವಾದವರಲ್ಲಿ ಕಬ್ಬಿಣ ಯಾಕೆ ಹೋಯಿತೆಂದು ತಿಳಿಯಲು ಎಂಡೋಸ್ಕೋಪಿಗೂ ಬರೆದುಕೊಟ್ಟರು. ಮುಟ್ಟು ನಿಂತ ಹೆಂಗಸರಲ್ಲೂ ಗಂಡಸರಲ್ಲೂ ಕಬ್ಬಿಣ ಕಡಿಮೆಯಾದರೆ ಹೊಟ್ಟೆ ಕರುಳಿನಲ್ಲಿ ಎಲ್ಲಾದರೂ ರಕ್ತ ಒಸರುತ್ತಿದೆಯೇ ಎಂದು ನೋಡಲೇಬೇಕು. ಹುಣ್ಣಿರಬಹುದು, ಕೆಲವೊಮ್ಮೆ ಕ್ಯಾನ್ಸರ್ ಇರಬಹುದು. ಬರೀ ಟಾನಿಕ್ ಬರೆದು ಕಳಿಸುವುದು ಅಲ್ಲಿ ಅಪಾಯ. ಅವರಲ್ಲಿ ಸಿಕ್ಕಿದ್ದು ಜಠರದ ಹುಣ್ಣು. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಗಳ ಫಲ.

ವರದಿ ಕೈಗೆ ಬಂದಾಗ ಅದನ್ನು ನಂಬಬಹುದೇ ಎಂದು ನೋಡಿಕೊಳ್ಳಲು ಒಂದು ಮನೆಮದ್ದಿನಂಥ ಲೆಕ್ಕವಿದೆ. ಹಿಮೋಗ್ಲೋಬಿನ್ ಅನ್ನು ಮೂರರಿಂದ ಗುಣಿಸಿದರೆ ಹೆಮಟೋಕ್ರಿಟ್‌ನ ಆಸುಪಾಸಿಗೆ ಬರಬೇಕು. ದೊಡ್ಡವಳಿಗೆ 10.4ರ ಮೂರು ಪಾಲು 31.2, ವರದಿಯಲ್ಲಿದ್ದ ಹೆಮಟೋಕ್ರಿಟ್ 32.6. ಹೊಂದುತ್ತದೆ. ಚಿಕ್ಕವಳದು 34.1, ಕಣಗಳು ತೀರಾ ಸಣ್ಣವಾಗಿ ಪೇಲವವಾದಾಗ ಇಷ್ಟು ಅಂತರ ಬರುವುದುಂಟು. ಆದರೆ ಒಂದು ಚಳಿಗಾಲದ ಬೆಳಗ್ಗೆ ನಮ್ಮ ಯಂತ್ರ ಒಬ್ಬ ಹಿರಿಯರ ರಕ್ತಕ್ಕೆ ಹಿಮೋಗ್ಲೋಬಿನ್ 9.6, ಹೆಮಟೋಕ್ರಿಟ್ 18 ಎಂದು ಕೊಟ್ಟಿತು. ಮೂರು ಪಾಲು 29ರ ಹತ್ತಿರ ಆಗಬೇಕಿತ್ತು! ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಎಂದು ಹೇಳುವ ಎಂಸಿಎಚ್‌ಸಿ 32ರಿಂದ 36 ಇರಬೇಕಾದದ್ದು 53 ತೋರಿಸಿತು. ಕಣದೊಳಗೆ ಅಷ್ಟು ಹಿಮೋಗ್ಲೋಬಿನ್ ಹಿಡಿಸಲು ಸಾಧ್ಯವೇ ಇಲ್ಲ. ಟ್ಯೂಬನ್ನು ಓರೆಮಾಡಿ ನೋಡಿದರೆ ಗಾಜಿನ ಗೋಡೆಗೆ ರಕ್ತ ಮರಳಿನಂತೆ ಕಾಳುಕಾಳಾಗಿ ಅಂಟುತ್ತಿತ್ತು. ಚಳಿಗೆ ಕಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಯಂತ್ರ ಅಂಥ ಗುಂಪನ್ನು ಒಂದೇ ಕಣವೆಂದು ಎಣಿಸಿತ್ತು. 37 ಡಿಗ್ರಿ ಬೆಚ್ಚನೆಯ ನೀರಿನಲ್ಲಿ ಟ್ಯೂಬನ್ನಿಟ್ಟು ಮತ್ತೆ ಹಾಕಿದಾಗ ಹೆಮಟೋಕ್ರಿಟ್ 29.4ಕ್ಕೆ ಬಂತು. ಕಣಗಳು ಹಾಗೆ ಅಂಟಿಕೊಳ್ಳುವುದಕ್ಕೂ ಒಂದು ಕಾರಣವಿರುತ್ತದೆ, ಅದನ್ನೂ ಅವರ ಡಾಕ್ಟರಿಗೆ ಬರೆದು ಕಳಿಸಿದೆವು. ಗ್ಲೂಕೋಸ್ ಹಾಕಿದ ಕೈಯಿಂದಲೇ ರಕ್ತ ತೆಗೆದರೆ ಇನ್ನೊಂದು ಬಗೆಯ ತಪ್ಪು: ರಕ್ತ ನೀರಾಗಿ ಹಿಮೋಗ್ಲೋಬಿನ್ ಒಮ್ಮೆಲೇ ಕುಸಿದಂತೆ ಕಾಣುತ್ತದೆ, ಕಣದ ಗಾತ್ರ ಮಾತ್ರ ಹಾಗೇ ಇರುತ್ತದೆ. ನಿನ್ನೆ 12 ಇದ್ದದ್ದು ಇವತ್ತು 8 ಆಗಿ, ರಕ್ತಸ್ರಾವದ ಕುರುಹೇ ಇಲ್ಲದಿದ್ದರೆ ಇನ್ನೊಂದು ಕೈಯಿಂದ ತೆಗೆದು ನೋಡುವುದು ಮೊದಲ ಕೆಲಸ.

ಹೋದ ವಾರ ಚಿಕ್ಕ ಸೊಸೆ ಫೋನ್ ಮಾಡಿದ್ದಳು. ಅವಳ ತಂಗಿಗೆ ಮದುವೆ ಗೊತ್ತಾಗುವ ಹಂತದಲ್ಲಿದೆಯಂತೆ. ತಾನೇ ಮುಂದೆ ನಿಂತು ತಂಗಿಗೆ ಸಿಬಿಸಿ ಮಾಡಿಸಿ, ವರದಿಯ ಫೋಟೋ ಕಳಿಸಿದ್ದಳು. ಕೆಳಗೆ ಅವಳೇ ಲೆಕ್ಕ ಹಾಕಿ ಬರೆದಿದ್ದಳು: ಎಂಸಿವಿ 64, ಕಣ 5.60, ಭಾಗಿಸಿದರೆ 11.4. "ತಂಗೀಗೂ ನಂದೇ ಥರ ಅಲ್ವಾ ಮೇಡಂ? ಹುಡುಗನ ಮನೆಯವರಿಗೆ ಏನಂತ ಹೇಳೋದು?"

ಮೊದಲು ತಂಗಿಯ ಫೆರಿಟಿನ್, ಎಚ್‌ಪಿಎಲ್‌ಸಿ ಆಗಲಿ ಎಂದೆ. ಗುಣ ಇರುವುದು ಖಚಿತವಾದರೆ ಹುಡುಗನಿಗೂ ಎರಡನ್ನೂ ಮಾಡಿಸೋಣ, ಅವನ ವರದಿ ನಿನ್ನ ಗಂಡನದರ ಹಾಗೆ ಬಂದರೆ ಮದುವೆಗೆ ಯಾವ ಅಡ್ಡಿಯೂ ಇಲ್ಲ, ಇಬ್ಬರಲ್ಲೂ ಇದ್ದರೆ ಆಗ ಅವರಿಬ್ಬರನ್ನೂ ಕೂರಿಸಿ ಮಾತಾಡೋಣ ಎಂದೆ. ಬುಧವಾರ ತಂಗಿಯನ್ನು ಕರೆದುಕೊಂಡು ಬರುತ್ತಾಳೆ. ಜೊತೆಗೆ ಅತ್ತೆಯೂ ಬರುತ್ತಾರಂತೆ.